ಪೇಪರ್ ಹತ್ತು, ಪ್ರಶ್ನೆ ಒಂದು

ಪುತ್ತೂರು, ಸುಳ್ಯ, ಕಡಬದ ಕಡೆ ಕಾಲೇಜು ಪ್ರಾಜೆಕ್ಟ್ ಬರೀತಿರೋರಿಗೆ ಇವತ್ತಿನ ಮಾತು. ಲಿಟರೇಚರ್ ರಿವ್ಯೂ ಅಂದ್ರೆ ಹೆಚ್ಚಿನವರು ಪೇಪರ್‌ಗೊಂದು ಪ್ಯಾರಾ ಬರೆದು ಮುಗಿಸ್ತಾರೆ. ನಾನು ಬೇರೆ ದಾರಿ ಹೇಳ್ತೇನೆ.

ಅಡಿಕೆಯ ಹಳದಿ ಎಲೆ ರೋಗವನ್ನೇ ತಗೊಳ್ಳಿ. ಸುಳ್ಯದ ಸಂಪಾಜೆ, ಅರಂತೋಡು ಕಡೆ ತೋಟಗಳನ್ನೇ ಬರಿದು ಮಾಡಿದ ರೋಗ. ಒಂದು ಹಾಳೆಯಲ್ಲಿ ಕೋಷ್ಟಕ ಹಾಕಿ. ಒಂದೊಂದು ಸಾಲಿಗೆ ಒಂದೊಂದು ಪೇಪರ್. ಮೇಲೆ ಮೂರು ಪ್ರಶ್ನೆ: ಕಾರಣ ಏನಂದ್ರು? ಏನನ್ನು ಅಳೆದ್ರು? ಪರಿಹಾರ ಏನು? ತುಂಬಿಸಿದ ಮೇಲೆ ಅಡ್ಡಕ್ಕೆ ಓದ್ಬೇಡಿ, ಮೇಲಿಂದ ಕೆಳಗೆ ಓದಿ.

ಆಗ ಕಾಣ್ತದೆ, ಕೆಲವರು ಪೋಷಕಾಂಶ ಕೊಟ್ಟು ಇಳುವರಿ ನೋಡಿದ್ದಾರೆ. ಇನ್ನು ಕೆಲವರು ಮರದೊಳಗೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ಹುಡುಕಿದ್ದಾರೆ. ಇದು ಜಗಳ ಅಲ್ಲ, ಅಳೆದದ್ದೇ ಬೇರೆ ಬೇರೆ. ಹಾಗಾಗಿ ನಿಮ್ಮ ಪ್ಯಾರಾ ಲೇಖಕರ ಹೆಸರಿಂದಲ್ಲ, ಈ ಮಾತಿಂದ ಶುರುವಾಗ್ಲಿ: ಪೋಷಣೆ ಇಳುವರಿಯನ್ನು ಹಿಡಿದಿಡಬಹುದು, ರೋಗವನ್ನು ಗುಣಪಡಿಸದು. ಅದಕ್ಕೆ ಆಧಾರವಾಗಿ ಎರಡೂ ಕಡೆಯ ಪೇಪರ್‌ಗಳು ಬರಲಿ. ಗೊಬ್ಬರಕ್ಕೆ ಸಾಲ ಮಾಡ್ಬೇಕಾ, ಬೇರೆ ಬೆಳೆ ಇಡ್ಬೇಕಾ ಅಂತ ಯೋಚಿಸುವ ಕೃಷಿಕರಿಗೆ ಬೇಕಾದ್ದು ಈ ಒಂದು ವಾಕ್ಯ.

ಕೊನೆಗೊಂದು ಪರೀಕ್ಷೆ. ಪ್ಯಾರಾಗಳನ್ನು ಹಿಂದೆಮುಂದೆ ಮಾಡಿ ನೋಡಿ. ಏನೂ ಕೆಡದಿದ್ರೆ ನೀವು ಬರೆದದ್ದು ಪಟ್ಟಿ, ರಿವ್ಯೂ ಅಲ್ಲ.