ಅನ್ನ ಉಂಡ ಮುಕ್ಕಾಲು ಗಂಟೆಗೆ



ಹೊಟ್ಟೆ ಉಬ್ಬರ ಎಂದು ಬರುವವರನ್ನು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಊಟವಾದ ಎಷ್ಟು ಹೊತ್ತಿಗೆ ಉಬ್ಬುತ್ತದೆ? ಏನು ಉಂಡಾಗ ಉಬ್ಬುತ್ತದೆ? ಹೆಚ್ಚಿನವರು ಎರಡನೆಯದಕ್ಕೆ ತಕ್ಷಣ ಉತ್ತರಿಸುತ್ತಾರೆ. ಮೊದಲನೆಯದನ್ನು ಗಮನಿಸಿಯೇ ಇರುವುದಿಲ್ಲ. ಆದರೆ ರೋಗದ ಸುಳಿವು ಹೆಚ್ಚಾಗಿ ಆ ಹೊತ್ತಿನಲ್ಲೇ ಇರುತ್ತದೆ.

ಹುರುಳಿ, ಬೇಳೆ, ಈರುಳ್ಳಿ, ಗೋಧಿ ಇವುಗಳಲ್ಲಿ ನಮ್ಮ ಸಣ್ಣ ಕರುಳು ಒಡೆಯಲಾರದ ಕೆಲವು ಶರ್ಕರಗಳಿವೆ. ಅವು ಹಾಗೇ ಸಾಗಿ ದೊಡ್ಡ ಕರುಳನ್ನು ಸೇರುತ್ತವೆ. ಅಲ್ಲಿರುವ ಅಪಾರ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸುತ್ತವೆ, ಗ್ಯಾಸ್ ಹುಟ್ಟುತ್ತದೆ. ಉಂಡದ್ದು ಅಲ್ಲಿಗೆ ತಲುಪಲು ಕೆಲವು ಗಂಟೆಗಳೇ ಬೇಕು. ಆದ್ದರಿಂದ ಮಧ್ಯಾಹ್ನ ಹುಳಿ ಉಂಡು ಸಂಜೆ ಹೊಟ್ಟೆ ಬಿಗಿಯಾದರೆ ಅದು ಕಾಯಿಲೆ ಆಗಬೇಕಿಲ್ಲ.

ಬಿಳಿ ಅನ್ನದ ವಿಷಯ ಬೇರೆ. ಬಿಸಿ ಅನ್ನದ ಪಿಷ್ಟ ಬಹುಪಾಲು ಸಣ್ಣ ಕರುಳಿನಲ್ಲೇ ಒಡೆದು ರಕ್ತ ಸೇರುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದರಲ್ಲಿ ಸಿಗುವುದು ಅತ್ಯಲ್ಪ. ಹಾಗಿದ್ದೂ ಅನ್ನ ಮತ್ತು ತಿಳಿಸಾರು ಉಂಡ ಮುಕ್ಕಾಲು ಗಂಟೆಯಲ್ಲಿ ಒಬ್ಬರ ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ಸಡಿಲಿಸಬೇಕಾದರೆ, ಆ ಅನ್ನವನ್ನು ದಾರಿಯಲ್ಲೇ ಬೇರೆ ಯಾರೋ ಉಣ್ಣುತ್ತಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.

ಸಣ್ಣ ಕರುಳು ಪೂರ್ತಿ ಬ್ಯಾಕ್ಟೀರಿಯಾ ಇಲ್ಲದ ಜಾಗವೇನಲ್ಲ. ಆದರೆ ಅದರ ಮೇಲ್ಭಾಗದ ಒಂದು ಮಿಲಿ ಲೀಟರ್ ದ್ರವದಲ್ಲಿ ಸಾಮಾನ್ಯವಾಗಿ ಸಾವಿರಕ್ಕಿಂತ ಕಡಿಮೆ ಇರುತ್ತವೆ. ದೊಡ್ಡ ಕರುಳಿನಲ್ಲಿ ಅಷ್ಟೇ ಪ್ರಮಾಣಕ್ಕೆ ಹತ್ತು ಸಾವಿರ ಕೋಟಿಯವರೆಗೂ ಇರಬಹುದು. ಒಂದೇ ಕೊಳವೆಯ ಎರಡು ತುದಿಗಳಲ್ಲಿ ಇಷ್ಟು ಅಂತರ ಉಳಿಯಲು ಕಾವಲು ಬೇಕು. ಜಠರದ ಆಮ್ಲ ಬಾಯಿಂದ ಇಳಿದವನ್ನು ಕೊಲ್ಲುತ್ತದೆ. ಪಿತ್ತರಸ ಉಳಿದವನ್ನು ಹತ್ತಿಕ್ಕುತ್ತದೆ. ಎರಡು ಕರುಳುಗಳು ಸೇರುವಲ್ಲಿರುವ ಕವಾಟ ಕೆಳಗಿನವು ಮೇಲೇರದಂತೆ ತಡೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕರುಳಿನ ಚಲನೆ ಎಂದು ನನ್ನ ಎಣಿಕೆ. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಜಠರದಿಂದ ಕೆಳಕ್ಕೆ ಒಂದು ಬಲವಾದ ಸಂಕೋಚನದ ಅಲೆ ಹೊರಟು ಉಳಿದ ಕಣಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಮುಂದಕ್ಕೆ ತಳ್ಳುತ್ತದೆ. ಏನಾದರೂ ತಿಂದೊಡನೆ ಆ ಅಲೆ ನಿಲ್ಲುತ್ತದೆ. ಅಲೆ ದುರ್ಬಲವಾದರೆ ನಿಂತ ದ್ರವದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಸಣ್ಣ ಕರುಳಿನ ಬ್ಯಾಕ್ಟೀರಿಯಾ ಅತಿವೃದ್ಧಿ ಎನ್ನುವುದು ಇದನ್ನೇ.

ಹಲವು ರೋಗಿಗಳ ವಿವರಗಳನ್ನು ಬೆರೆಸಿ ಒಬ್ಬ ತಾಯಿಯ ಕಥೆಯಾಗಿ ಹೇಳುತ್ತೇನೆ. ಅವರಿಗೆ 58 ವರ್ಷ. ಸಕ್ಕರೆ ಕಾಯಿಲೆ ಹದಿನೆಂಟು ವರ್ಷದ್ದು, ಪಾದಗಳಲ್ಲಿ ಜೋಮು. ಆರು ವರ್ಷದಿಂದ ಬೆಳಿಗ್ಗೆ ಎದ್ದೊಡನೆ ಒಂದು ‘ಗ್ಯಾಸ್ಟ್ರಿಕ್ ಮಾತ್ರೆ’, ಅಂದರೆ ಪ್ಯಾಂಟೊಪ್ರಜೋಲ್. ಅದನ್ನು ಯಾಕೆ ಶುರು ಮಾಡಿದರೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅನ್ನ, ಇಡ್ಲಿ, ಉಪ್ಪಿಟ್ಟು ಯಾವುದಾದರೂ ಸರಿ, ಮುಕ್ಕಾಲು ಗಂಟೆಯಲ್ಲಿ ಹೊಟ್ಟೆ ತಮಟೆ. ವಾರದಲ್ಲಿ ಕೆಲವು ದಿನ ಭೇದಿ. ಉಬ್ಬರಕ್ಕೆಂದು ಅದೇ ಮಾತ್ರೆಯನ್ನು ಎರಡು ಹೊತ್ತು ಮಾಡಿಕೊಂಡಿದ್ದರು.

ಪಾದದ ನರಗಳನ್ನು ಕೆಡಿಸಿದ ಸಕ್ಕರೆ ಕರುಳಿನ ನರಗಳನ್ನೂ ಬಿಟ್ಟಿರಲಾರದು, ಹಾಗಾಗಿ ಅಲೆ ದುರ್ಬಲ. ಮಾತ್ರೆಯಿಂದ ಆಮ್ಲ ಕಡಿಮೆ. ಎರಡು ಕಾವಲು ಒಟ್ಟಿಗೆ ಸಡಿಲಾಗಿವೆ. ಆದರೂ ಇಷ್ಟರಿಂದಲೇ ರೋಗ ಇದೆ ಎನ್ನಲಾಗದು. ಅವರು ನುಂಗುತ್ತಿದ್ದ ಮೆಟ್‌ಫಾರ್ಮಿನ್ ಕೂಡ ಉಬ್ಬರ ಮತ್ತು ಭೇದಿ ತರಬಲ್ಲದು. ಆದ್ದರಿಂದ ಉಸಿರಿನ ಪರೀಕ್ಷೆ ಮಾಡಬೇಕಾಯಿತು.

ಈ ಪರೀಕ್ಷೆಯ ತತ್ವ ಸರಳ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲ ತಯಾರಿಸುವುದಿಲ್ಲ. ಉಸಿರಿನಲ್ಲಿ ಅದು ಕಂಡರೆ ಕರುಳಿನ ಬ್ಯಾಕ್ಟೀರಿಯಾ ಹುಟ್ಟಿಸಿದ್ದು, ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದದ್ದು. ನಾಲ್ಕು ವಾರ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಹಿಂದಿನ ದಿನ ಬೇಳೆ, ತರಕಾರಿ, ಗೋಧಿ ಬಿಟ್ಟು ಸಪ್ಪೆ ಆಹಾರ, ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಒಮ್ಮೆ ಉಸಿರು ಅಳೆದು 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಮೊದಲು ರಕ್ತದ ಸಕ್ಕರೆ ನೋಡಿಯೇ ಇದನ್ನು ಕೊಡಬೇಕು. ನಂತರ ಕಾಲು ಗಂಟೆಗೊಮ್ಮೆ ಉಸಿರನ್ನು ಅಳೆಯುತ್ತಾರೆ. ಒಂದೂವರೆ ಗಂಟೆಯೊಳಗೆ ಹೈಡ್ರೋಜನ್ ಮೊದಲಿಗಿಂತ 20 ಪಿಪಿಎಂ ಅಥವಾ ಹೆಚ್ಚು ಏರಿದರೆ ಪರೀಕ್ಷೆ ಧನಾತ್ಮಕ. ಈ ತಾಯಿಯಲ್ಲಿ ಮೊದಲು 8 ಇತ್ತು. ಅರ್ಧ ಗಂಟೆಗೆ 19, ಮುಕ್ಕಾಲು ಗಂಟೆಗೆ 34, ಒಂದು ಗಂಟೆಗೆ 41. ಮುಕ್ಕಾಲು ಗಂಟೆಗೇ ಅವರು ಹೊಟ್ಟೆ ಹಿಡಿದುಕೊಂಡರು. ಏರಿಕೆಯೂ ಯಾತನೆಯೂ ಜೊತೆಯಾಗಿ ಬಂದಾಗ ನನಗೆ ಫಲಿತಾಂಶದ ಮೇಲೆ ಭರವಸೆ ಹೆಚ್ಚು.

ಗ್ಲೂಕೋಸ್ ಬದಲು ಲ್ಯಾಕ್ಟುಲೋಸ್ ಕೊಟ್ಟು ಮಾಡುವ ಪರೀಕ್ಷೆಯೂ ಇದೆ. ನಮ್ಮ ದೇಶದಲ್ಲಿ ಅದನ್ನು ಎಚ್ಚರದಿಂದ ಓದಬೇಕು. ಲ್ಯಾಕ್ಟುಲೋಸ್ ರಕ್ತ ಸೇರುವುದಿಲ್ಲ, ದೊಡ್ಡ ಕರುಳಿಗೆ ಹೋಗಿಯೇ ಹೋಗುತ್ತದೆ. ನಮ್ಮಲ್ಲಿ ಅನೇಕರ ಕರುಳು ವೇಗವಾಗಿ ಸಾಗಿಸುವುದರಿಂದ ಅದು ಬೇಗನೆ ಅಲ್ಲಿ ತಲುಪಿ ಹೈಡ್ರೋಜನ್ ಏರಿಸುತ್ತದೆ, ಇಲ್ಲದ ರೋಗ ಇದೆಯೆಂದು ಕಾಣುತ್ತದೆ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯಲ್ಲಿ ಉದಯ್ ಘೋಷಾಲ್ ಮತ್ತು ಸಂಗಡಿಗರು ಈ ಬೇಗನೆಯ ಏರಿಕೆಯನ್ನು ನಂಬಲಾಗದೆಂದು ತೋರಿಸಿದ್ದಾರೆ. ಗ್ಲೂಕೋಸಿಗೂ ಮಿತಿಯಿದೆ. ಅದು ಸಣ್ಣ ಕರುಳಿನ ಮೇಲ್ಭಾಗದಲ್ಲೇ ಮುಗಿದುಹೋಗುವುದರಿಂದ ಕೆಳಭಾಗದ ಅತಿವೃದ್ಧಿ ತಪ್ಪಿಸಿಕೊಳ್ಳಬಹುದು. ಕೆಲವರಲ್ಲಿ ಹೈಡ್ರೋಜನ್ ಬದಲು ಮೀಥೇನ್ ಏರುತ್ತದೆ. ಅವರದು ಹೆಚ್ಚಾಗಿ ಮಲಬದ್ಧತೆಯ ದೂರು, ಚಿಕಿತ್ಸೆಯೂ ಬೇರೆ.

ಈ ತಾಯಿಯ ಬಿ12 ಕಡಿಮೆ ಇತ್ತು. ಅತಿಯಾಗಿ ಬೆಳೆದ ಬ್ಯಾಕ್ಟೀರಿಯಾಗಳು ಆ ಜೀವಸತ್ವವನ್ನು ಕರುಳಿನಲ್ಲೇ ಬಳಸಿಕೊಳ್ಳುತ್ತವೆ, ಮೆಟ್‌ಫಾರ್ಮಿನ್ ಕೂಡ ಅದನ್ನು ಕುಗ್ಗಿಸುತ್ತದೆ. ಜೋಮು ಸಕ್ಕರೆಯದ್ದೇ ಎಂದು ಸುಮ್ಮನಿರದೆ ಇದನ್ನು ನೋಡಬೇಕು. ಬಿ12 ಚುಚ್ಚುಮದ್ದು ಕೊಟ್ಟೆವು. ರಿಫಾಕ್ಸಿಮಿನ್ 550 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಎರಡು ವಾರ. ಈ ಆ್ಯಂಟಿಬಯಾಟಿಕ್ ರಕ್ತಕ್ಕೆ ಹೆಚ್ಚೇನೂ ಸೇರದೆ ಕರುಳಿನಲ್ಲೇ ಕೆಲಸ ಮಾಡುತ್ತದೆ. ಪರೀಕ್ಷೆಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ಅದನ್ನು ತಂದು ನುಂಗುವುದನ್ನು ಮಾತ್ರ ನಾನು ಒಪ್ಪಲಾರೆ. ಉಬ್ಬರಕ್ಕೆ ಬೇರೆ ಕಾರಣಗಳೂ ಇವೆ. ಕೆಲವರಲ್ಲಿ ಗ್ಯಾಸ್ ಹೆಚ್ಚಿರುವುದೇ ಇಲ್ಲ. ಊಟವಾದೊಡನೆ ವಪೆ ಕೆಳಕ್ಕಿಳಿದು ಹೊಟ್ಟೆಯ ಮುಂಗೋಡೆ ಸಡಿಲವಾಗಿ ಹೊಟ್ಟೆ ಮುಂದೆ ಬರುತ್ತದೆ. ಅಂಥವರಿಗೆ ಬೇಕಾದದ್ದು ಉಸಿರಾಟದ ತರಬೇತಿ. ಇನ್ನು ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಉಬ್ಬರ ಇಳಿಯದೆ ದಿನದಿನವೂ ಹೆಚ್ಚುತ್ತಿದ್ದರೆ ಸ್ಕ್ಯಾನಿಂಗ್ ಮೊದಲು ಆಗಬೇಕು. ಅಂಡಾಶಯದ ಕ್ಯಾನ್ಸರ್ ಕೂಡ ಬರೀ ಹೊಟ್ಟೆ ಉಬ್ಬರವಾಗಿ ಶುರುವಾಗಬಹುದು.

ಮೂರನೇ ವಾರಕ್ಕೆ ಅವರು ಅನ್ನ ಉಂಡು ನೆಮ್ಮದಿಯಾಗಿ ಕುಳಿತರು. ಆದರೆ ಔಷಧದಿಂದ ಬ್ಯಾಕ್ಟೀರಿಯಾ ಕಡಿಮೆಯಾಗಿವೆ, ಕಾವಲು ಬಲವಾಗಿಲ್ಲ. 2008ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ ಹೀಗೆ ಗುಣವಾದವರಲ್ಲಿ ಸುಮಾರು 44% ಮಂದಿಗೆ ಒಂಬತ್ತು ತಿಂಗಳಲ್ಲಿ ಪರೀಕ್ಷೆ ಮತ್ತೆ ಧನಾತ್ಮಕವಾಗಿತ್ತು. ಆದ್ದರಿಂದ ನಾವು ಅವರ ಪ್ಯಾಂಟೊಪ್ರಜೋಲನ್ನು ಹಂತಹಂತವಾಗಿ ನಿಲ್ಲಿಸಿದೆವು. ನಿಲ್ಲಿಸಿದ ಮೊದಲ ಕೆಲವು ವಾರ ಎದೆಯುರಿ ಮರುಕಳಿಸಬಹುದೆಂದು ಮುಂಚೆಯೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ. ಸಕ್ಕರೆಯನ್ನು ಹತೋಟಿಗೆ ತಂದೆವು. ಊಟ ಊಟಗಳ ನಡುವೆ ನಾಲ್ಕು ಗಂಟೆ ಬಿಡಿ, ನಡುನಡುವೆ ಬಿಸ್ಕತ್ತು ಬೇಡ ಎಂದೆವು. ಇದಕ್ಕೆ ಗಟ್ಟಿ ಪುರಾವೆ ಕಡಿಮೆ. ಆದರೂ ಖಾಲಿ ಹೊಟ್ಟೆಯಲ್ಲಿ ಮಾತ್ರ ಹೊರಡುವ ಅಲೆಗೆ ಸಮಯ ಸಿಗಬೇಕೆಂಬುದು ಅದರ ಹಿಂದಿನ ವಿಚಾರ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ಎಂಟನೇ ತಿಂಗಳಲ್ಲಿ ಉಬ್ಬರ ಸ್ವಲ್ಪ ಮರಳಿತು. ಔಷಧವನ್ನು ತಕ್ಷಣ ಮತ್ತೆ ಬರೆಯದೆ ಉಸಿರನ್ನು ಇನ್ನೊಮ್ಮೆ ಅಳೆದೆವು. ಈ ಬಾರಿ ಒಂದೂವರೆ ಗಂಟೆಯಲ್ಲಿ ಹೈಡ್ರೋಜನ್ ಏರಿದ್ದು ಕೇವಲ 6 ಪಿಪಿಎಂ. ಮೆಟ್‌ಫಾರ್ಮಿನ್ ಅನ್ನು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಿದ ಮೇಲೆ ಆ ಉಬ್ಬರವೂ ಇಳಿಯಿತು.