ಕಳುಹಿಸಿದ ಸಂದೇಶ ಎಲ್ಲೆಲ್ಲಿ ಉಳಿಯುತ್ತದೆ?

(ಪ್ರೌಢಶಾಲೆಯ ಪ್ರಾರ್ಥನಾ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವ ದಿನಗಳಲ್ಲಿ ಆಧಾರ್ ಕಾರ್ಡಿನ ಹಾಗೂ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದುಂಟು. ಆ ಒಂದು ಚಿತ್ರದ ಹಾದಿಯನ್ನು ಇಂದು ನೋಡೋಣ.

ಗುಂಪಿನಲ್ಲಿ 60 ಸದಸ್ಯರಿದ್ದಾರೆಂದು ಭಾವಿಸಿರಿ. ಸಂದೇಶವು ಗೂಢಲಿಪಿಯಲ್ಲಿ ಸಾಗುವುದರಿಂದ ನಡುದಾರಿಯಲ್ಲಿ ಅದನ್ನು ಯಾರೂ ಓದಲಾರರು. ಯಾರದಾದರೂ ಫೋನು ಆರಿದ್ದರೆ, ಅವರಿಗೆ ತಲುಪಬೇಕಾದ ಪ್ರತಿಯು ಅದೇ ಗೂಢಲಿಪಿಯಲ್ಲಿ ಸಂಸ್ಥೆಯ ಸರ್ವರ್‌ನಲ್ಲಿ 30 ದಿನಗಳವರೆಗೆ ಕಾದಿರುತ್ತದೆ. ಆದರೆ ಗೂಢಲಿಪಿಯ ರಕ್ಷಣೆ ದಾರಿಗೆ ಮಾತ್ರ. ತಲುಪಿದ ಬಳಿಕ 60 ಫೋನುಗಳಲ್ಲಿ 60 ಪ್ರತಿಗಳಿರುತ್ತವೆ. ಯಾರ ಫೋನಿನಲ್ಲಿ ಬ್ಯಾಕಪ್ ವ್ಯವಸ್ಥೆ ಚಾಲ್ತಿಯಲ್ಲಿದೆಯೋ ಅವರ ಗೂಗಲ್ ಖಾತೆಗೂ ಒಂದು ಪ್ರತಿ ಸೇರಬಹುದು. ಆ ಬ್ಯಾಕಪ್‌ಗೆ ಗೂಢಲಿಪಿಯ ಬೀಗ ಹಾಕುವುದು ಫೋನಿನ ಮಾಲೀಕರ ಆಯ್ಕೆಗೆ ಬಿಟ್ಟ ವಿಷಯ.

‘ಅಳಿಸಿದರಾಯಿತಲ್ಲ’ ಎಂದು ನೀವು ಕೇಳಬಹುದು. ‘ನನಗೆ ಮಾತ್ರ’ ಎಂದು ಅಳಿಸಿದರೆ ನಿಮ್ಮ ಪ್ರತಿ ಮಾತ್ರ ಹೋಗುತ್ತದೆ, ಉಳಿದ 59 ಹಾಗೆಯೇ ಇರುತ್ತವೆ. ‘ಎಲ್ಲರಿಗೂ’ ಎಂದು ಅಳಿಸಲು ಸುಮಾರು ಎರಡೂವರೆ ದಿನಗಳ ಅವಕಾಶವಿದೆ. ಅಷ್ಟರಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅಥವಾ ಬೇರೆಡೆಗೆ ಕಳುಹಿಸಿದ್ದರೆ, ಆ ಪ್ರತಿಯನ್ನು ಅಳಿಸುವ ಅಧಿಕಾರ ನಿಮಗಿಲ್ಲ.

ಅಂಗಡಿಯ ಆ್ಯಪ್ ಅಥವಾ ಸಹಾಯವಾಣಿಯ ಚಾಟ್‌ನಲ್ಲಿ ವಿವರ ಬರೆದಾಗ ಸ್ಥಿತಿ ಇನ್ನೂ ಭಿನ್ನ. ಅಲ್ಲಿ ಸಂದೇಶದ ವಿಳಾಸದಾರರೇ ಆ ಸಂಸ್ಥೆ. ದೂರಿನ ದಾಖಲೆಗಾಗಿ ಅದು ನಿಮ್ಮ ಬರಹವನ್ನು ತನ್ನ ಗಣಕದಲ್ಲಿ ಉಳಿಸಿಕೊಳ್ಳಬಹುದು. ನಿಮ್ಮ ಫೋನಿನಿಂದ ಅಳಿಸಿದರೂ ಅಲ್ಲಿನ ದಾಖಲೆ ಅಳಿಯದು.

ಆಧಾರ್ ಸಂಖ್ಯೆ ತಿಳಿದ ಮಾತ್ರಕ್ಕೆ ಖಾತೆಯ ಹಣ ಹೋಗುವುದಿಲ್ಲ. ಅಪಾಯ ಬರುವುದು ಹೀಗೆ: ಅಪರಿಚಿತನೊಬ್ಬ ಕರೆಮಾಡಿ ನಿಮ್ಮ ಹೆಸರು, ಶಾಲೆ ಹಾಗೂ ಖಾತೆಯ ಕೊನೆಯ ಅಂಕಿಗಳನ್ನು ಸರಿಯಾಗಿ ಹೇಳುತ್ತಾನೆ. ಇಷ್ಟೆಲ್ಲ ಬಲ್ಲವನು ಅಧಿಕಾರಿಯೇ ಇರಬೇಕೆಂದು ಮನೆಯವರು ನಂಬುತ್ತಾರೆ. ಆಗ ಅವನು ಒಟಿಪಿ ಕೇಳುತ್ತಾನೆ. ಒಟಿಪಿ ಕೇಳುವುದೇ ವಂಚನೆಯ ಗುರುತು. ಕೂಡಲೇ ಕರೆ ಕಡಿಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಆದ್ದರಿಂದ ದಾಖಲೆಗಳನ್ನು ಗುಂಪಿಗೆ ಹಾಕದೆ, ಶಿಕ್ಷಕರ ಕೈಗೆ ಕಾಗದದಲ್ಲಿ ಕೊಡಿರಿ. ಪೂರ್ಣ ಸಂಖ್ಯೆ ಬೇಡವಾದಲ್ಲಿ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಅನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಪಡೆದು ಬಳಸಬಹುದು. ಫಲಾನುಭವಿಗಳ ದಾಖಲೆಗಳು ಬರುವ ನಮ್ಮ ಪಂಚಾಯತಿಯ ಗುಂಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇದನ್ನು ಮನೆಯ ಹಿರಿಯರಿಗೂ ತಿಳಿಸಬೇಕೆಂದು ಕೋರುತ್ತೇನೆ.