ಕೇಕಿನ ಅಚ್ಚೂ ಅದರ ಕ್ಷೇತ್ರಫಲವೂ

ರೋಣದ ಬಳಿಯ ಜಕ್ಕಲಿಯ ಒಂದು ಮನೆಯಲ್ಲಿ 6 ಅಂಗುಲ ಅಡ್ಡಳತೆಯ ದುಂಡು ಅಚ್ಚಿನಲ್ಲಿ ಮೊಸರು ಬೆರೆಸಿದ ರವೆಯ ಕೇಕು ಮಾಡುವರೆಂದು ಭಾವಿಸೋಣ. ರವೆ 180 ಗ್ರಾಂ, ಮೊಸರು 180, ಸಕ್ಕರೆ 135, ತುಪ್ಪ 45, ಸೋಡಾ ಅರ್ಧ ಚಮಚ. ನೆಂಟರು ಬಂದರು, 8 ಅಂಗುಲದ ಅಚ್ಚನ್ನು ತೆಗೆಯಬೇಕಾಯಿತು. ಎಷ್ಟು ಹೆಚ್ಚಿಸಬೇಕು?

ಆರಕ್ಕೆ ಎಂಟು ಮೂರರಲ್ಲಿ ಒಂದು ಪಾಲಷ್ಟೆ ಹೆಚ್ಚಲ್ಲವೆ ಎಂದು ಅಷ್ಟನ್ನೇ ಸೇರಿಸಿದರೆ, ಹಿಟ್ಟು ತೆಳ್ಳಗೆ ಹರಡಿ ಕೇಕು ಒಣಗುವುದು, ಅಂಚು ಕರಕಾಗುವುದು. ಏಕೆಂದರೆ ಹಿಟ್ಟು ಹರಡುವುದು ಅಡ್ಡಳತೆಯ ಗೆರೆಯ ಮೇಲಲ್ಲ, ತಳದ ಮೇಲೆ. ದುಂಡು ತಳದ ಕ್ಷೇತ್ರಫಲವು ಅಡ್ಡಳತೆಯ ವರ್ಗದಂತೆ ಬೆಳೆಯುತ್ತದೆ. ಆರರ ವರ್ಗ 36, ಎಂಟರದು 64. ಆದುದರಿಂದ ಪ್ರತಿಯೊಂದನ್ನೂ 16ರಿಂದ ಗುಣಿಸಿ 9ರಿಂದ ಭಾಗಿಸಬೇಕು. ರವೆ ಮತ್ತು ಮೊಸರು 320 ಗ್ರಾಂ ತಲಾ, ಸಕ್ಕರೆ 240, ತುಪ್ಪ 80. ಸೋಡಾ ಒಂದು ಚಮಚಕ್ಕೆ ತುಸು ಕಡಿಮೆ.

ಚೌಕದ ಅಚ್ಚಾದರೆ ಬದಿಯನ್ನು ಬದಿಯಿಂದಲೇ ಗುಣಿಸಿದರಾಯಿತು. 7 ಅಂಗುಲದ ಚೌಕದ ತಳ 49. 8 ಅಂಗುಲದ ದುಂಡಿನದು ಸುಮಾರು 50. ಒಂದರ ಹಿಟ್ಟು ಮತ್ತೊಂದಕ್ಕೆ ಸಾಕು.

ಈ ಲೆಕ್ಕ ನಿಲ್ಲುವುದು ಹಿಟ್ಟಿನ ಆಳ ಎರಡರಲ್ಲಿಯೂ ಒಂದೇ ಆಗಿರುವಾಗ. ಆಗ ಬೇಯುವ ಹೊತ್ತೂ ಬಹಳ ವ್ಯತ್ಯಾಸವಾಗದು; ಹಿಟ್ಟು ಇಮ್ಮಡಿಯಾಯಿತೆಂದು ಹೊತ್ತನ್ನು ಇಮ್ಮಡಿಸಬಾರದು. ನಡುವಿಗೆ ಚುಚ್ಚಿದ ಕಡ್ಡಿ ಹಸಿಹಿಟ್ಟು ಅಂಟದೆ ಹೊರಬರಬೇಕು. ಮರಳು ಹಾಕಿದ ಪಾತ್ರೆಯಲ್ಲಿ ಬೇಯಿಸುವವರು ಅಚ್ಚಿನ ಸುತ್ತ ಒಂದಂಗುಲವಾದರೂ ಬಿಸಿಗಾಳಿಗೆ ಎಡೆಯುಳಿದಿದೆಯೆ ಎಂದು ಮೊದಲೇ ನೋಡಿಕೊಳ್ಳತಕ್ಕದ್ದು. ಎಡೆಯಿಲ್ಲದಿದ್ದರೆ ಲೆಕ್ಕ ಸರಿಯಿದ್ದರೂ ತಳ ಹೊತ್ತಿ ನಡು ಹಸಿಯುಳಿಯುತ್ತದೆ.